ಕಾದಂಬರಿ ಬಿಟ್ಟವರೆಲ್ಲ ಮೊಬೈಲ್ ಮೇಲೆ ಗೂಬೆ ಕೂರಿಸಬೇಡಿ

ಹಳೇ ಪುಸ್ತಕದಂಗಡಿಯಲ್ಲಿ ಇವತ್ತು ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಮೂರು ಪ್ರತಿ ಒಟ್ಟಿಗೆ ಸಿಕ್ಕವು. ಮೂರರದ್ದೂ ಒಂದೇ ಜಾತಕ. ಮೊದಲ ಎಂಬತ್ತು–ತೊಂಬತ್ತು ಪುಟದ ಅಂಚು ಕೈಜಿಡ್ಡಿಗೆ ಕಂದಾಗಿದೆ, ಅಲ್ಲಿಂದಾಚೆ ಪುಸ್ತಕ ಮದುವೆಗೆ ತೆಗೆದಿಟ್ಟ ಪಂಚೆಯ ಹಾಗೆ ಗರಿಗರಿ. ಪಕ್ಕದಲ್ಲಿ ನಿಂತಿದ್ದ ಒಬ್ಬರು ಅದನ್ನೇ ಕೈಗೆತ್ತಿಕೊಂಡು, "ಈಗ ಯಾರು ಸಾರ್ ಇಷ್ಟು ದಪ್ಪದ್ದು ಓದ್ತಾರೆ, ಮೊಬೈಲ್ ಬಂದ್ಮೇಲೆ ಏಕಾಗ್ರತೆನೇ ಹೋಯ್ತು" ಅಂದರು. ಅಂಗಡಿಯವರೂ ಹೌದು ಹೌದು ಅಂದರು. ಆ ಮೂರರಲ್ಲಿ ಎರಡು ಪ್ರತಿ ಮೊಬೈಲ್ ಹುಟ್ಟೋಕೆ ಮುಂಚಿನವು, ಮಾರಾಯ್ರೆ! ಬಿಟ್ಟವರು ಆಗಲೂ ಅಲ್ಲೇ ಬಿಟ್ಟಿದ್ದಾರೆ.

ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ ಅನ್ನೋದು ನಿಮಗೆಲ್ಲ ಗೊತ್ತಿರೋದೇ. ಆದರೂ ಹೇಳಿಬಿಡ್ತೀನಿ. ದೊಡ್ಡ ಕಾದಂಬರಿಯನ್ನು ಜನ ಬೇಜಾರಾಗಿ ಬಿಡೋದು ಕಡಿಮೆ. ದಾರಿ ತಪ್ಪಿ ಬಿಡೋದೇ ಹೆಚ್ಚು. ಯಾರು ಯಾರ ಮನೆಯವರು, ಈಗ ಎಲ್ಲಿದ್ದೇವೆ, ಇದು ನಿನ್ನೆ ನಡೆದದ್ದೋ ಇವತ್ತೋ ಅನ್ನೋದು ಕೈಜಾರುತ್ತೆ. ಆಮೇಲೆ ಪ್ರತಿ ಪುಟವೂ ಅಪರಿಚಿತರ ಮದುವೆಮನೆ. ಅದನ್ನೇ ನಾವು 'ಬೋರು' ಅಂತ ಕರೆದುಕೊಂಡು ಸಮಾಧಾನ ಮಾಡಿಕೊಳ್ತೇವೆ.

1967ರಲ್ಲಿ ಬಂದ ಈ ಕಾದಂಬರಿಯನ್ನೇ ತಗೊಳ್ಳಿ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿ ಹಿಡಿದು ಹೊರಟಿದ್ದಾನೆ. ಸಿಂಬಾವಿಯ ಆಳು, ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಬರೋ ಆಸೆ. ಓದುಗ ಖುಷಿಯಾಗಿ ಹಿಂದೆ ಹೋಗ್ತಾನೆ, ಸರಿ, ಹೀರೋ ಸಿಕ್ಕ ಅಂತ. ಸ್ವಲ್ಪ ಹೊತ್ತಿಗೆ ಕಾದಂಬರಿ ಗುತ್ತಿಯನ್ನು ಅವನ ಪಾಡಿಗೆ ಬಿಟ್ಟು ಹಳೆಮನೆಯ ಜಗಲಿಗೆ, ಕೋಣೂರಿಗೆ, ಹೂವಳ್ಳಿಗೆ, ಮೇಗರವಳ್ಳಿಗೆ ಹೋಗುತ್ತೆ. ಓದುಗ ಮಾತ್ರ ಗುತ್ತಿ ಯಾವಾಗ ಬರ್ತಾನೆ ಅಂತ ಕಾಯ್ತಾ ಕೂತಿರ್ತಾನೆ. ಆ ತೊಂಬತ್ತನೇ ಪುಟದ ಗೋಡೆ ಎದ್ದು ನಿಲ್ಲೋದು ಹೀಗೆ. "ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ" ಅಂತ ಕುವೆಂಪು ಪುಸ್ತಕದ ಬಾಗಿಲಲ್ಲೇ ಬರೆದಿಟ್ಟಿದ್ದಾರೆ. ಆ ಮಾತನ್ನು ಎಲ್ಲರೂ ಪೋಸ್ಟರ್ ಮಾಡಿ ಹಂಚ್ತಾರೆ. ಅದು ಓದುವ ಕ್ರಮದ ಸೂಚನೆಯೂ ಹೌದು ಅಂತ ಮಾತ್ರ ಯಾರಿಗೂ ಹೊಳೆಯಲ್ಲ. ಒಬ್ಬನ ಬೆನ್ನು ಹತ್ತಬೇಡಿ, ಮನೆಗಳನ್ನು ಹಿಡಿದುಕೊಳ್ಳಿ ಅಂತಲೇ ಅದರರ್ಥ.

ನಮ್ಮ ಓದಿನ ರೂಢಿಯದ್ದೂ ಇದರಲ್ಲಿ ಪಾಲಿದೆ. ನಮ್ಮಲ್ಲಿ ಬಹಳ ಜನ ಕಾದಂಬರಿ ಓದೋಕೆ ಕಲಿತಿದ್ದು ವಾರಪತ್ರಿಕೆಯ ಧಾರಾವಾಹಿಗಳಿಂದ. ಅಲ್ಲಿ ಪ್ರತಿವಾರ ಮೇಲೊಂದು 'ಇಲ್ಲಿಯವರೆಗೆ' ಇರುತ್ತಿತ್ತು, ಕೊನೆಗೊಂದು ಕೊಕ್ಕೆ ಇರುತ್ತಿತ್ತು. ನೆನಪಿಡುವ ಕೆಲಸ ಸಂಪಾದಕರದ್ದು, ನಮ್ಮದು ಬರೀ ಮುಂದೇನಾಯ್ತು ಅಂತ ಕೇಳೋದು. ಸುಮಾರು 700 ಪುಟದ ಈ ಪುಸ್ತಕದಲ್ಲಿ ಆ ಎರಡೂ ಇಲ್ಲ. ಹಾಗಾದರೆ 'ಇಲ್ಲಿಯವರೆಗೆ'ಯನ್ನು ನಾವೇ ಬರೆದುಕೊಳ್ಳಬೇಕು. ಅಷ್ಟೇ ವಿಷಯ.

ಹೇಗೆ ಬರೆಯೋದು? ಒಂದು ಎ4 ಹಾಳೆ, ಒಂದು ಪೆನ್ಸಿಲ್. ನೋಟ್‌ಬುಕ್ ಬೇಡ, ಅದು ಇನ್ನೊಂದು ಕೋಣೆಯಲ್ಲಿ ಉಳಿದುಬಿಡುತ್ತೆ. ಹಾಳೆ ಎರಡು ಮಡಿಕೆ ಆಗಿ ಪುಸ್ತಕದೊಳಗೇ ಗುರುತಿನ ಚೀಟಿಯಾಗಿ ಇರಬೇಕು. ಅದರಲ್ಲಿ ಮೊದಲು ಮನೆಗಳ ಹೆಸರು ದೂರದೂರ ಬರೆಯಿರಿ: ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ, ಮೇಗರವಳ್ಳಿ. ನಿಜವಾದ ನಕ್ಷೆ ಆಗಬೇಕಿಲ್ಲ. ಒಬ್ಬ ವ್ಯಕ್ತಿ ಎರಡನೇ ಸಲ ಬಂದಾಗ ಮಾತ್ರ ಅವನ ಹೆಸರು ಅವನ ಮನೆಯ ಕೆಳಗೆ ಹೋಗಲಿ, ಪಕ್ಕದಲ್ಲಿ ಪುಟಸಂಖ್ಯೆ. ಮೊದಲ ಸಲಕ್ಕೇ ಎಲ್ಲರನ್ನೂ ಬರೆದರೆ ಹತ್ತು ಪುಟಕ್ಕೇ ಹಾಳೆ ತುಂಬಿ, ಅದನ್ನು ನೋಡೋದೇ ಒಂದು ಶಿಕ್ಷೆಯಾಗುತ್ತೆ. ಉತ್ಸಾಹದಲ್ಲಿ ಎಲ್ಲರೂ ಎಡವೋದು ಇಲ್ಲೇ.

ನೂರು ಪುಟ ಆಗೋ ಹೊತ್ತಿಗೆ ಹಾಳೆಯಲ್ಲಿ ಹೆಚ್ಚುಕಡಿಮೆ ಇಷ್ಟಿರಬೇಕು. ಸಿಂಬಾವಿಯಲ್ಲಿ ಭರಮೈ ಹೆಗ್ಗಡೆ, ಅವರ ಆಳು ಗುತ್ತಿ. ಬೆಟ್ಟಳ್ಳಿಯಲ್ಲಿ ಕಲ್ಲಯ್ಯಗೌಡ, ಮಗ ದೇವಯ್ಯ. ಕೇರಿಯಲ್ಲಿ ದೊಡ್ಡಬೀರ, ಅವನ ಮಗಳು ತಿಮ್ಮಿ. ಹಳೆಮನೆಯಲ್ಲಿ ಸುಬ್ಬಣ್ಣ ಹೆಗ್ಗಡೆ, ತಿರುಪತಿಗೆಂದು ಹೋಗಿ ಬಾರದ ಹಿರಿಮಗ ದೊಡ್ಡಣ್ಣ, ಕಾಯ್ತಾ ಬುದ್ಧಿ ಕದಡಿಹೋದ ಅವನ ಹೆಂಡತಿ ರಂಗಮ್ಮ, ಕಿರಿಮಗ ತಿಮ್ಮಪ್ಪ. ಕೋಣೂರಿನಲ್ಲಿ ರಂಗಪ್ಪಗೌಡ, ತಮ್ಮ ಮುಕುಂದಯ್ಯ, ಪಾಠ ಹೇಳೋ ಐಗಳು ಅನಂತಯ್ಯ. ಘಟ್ಟದ ಕೆಳಗಿಂದ ಬಂದ ಆಳುಗಳಲ್ಲಿ ಐತ, ಪೀಂಚಲು. ಹೂವಳ್ಳಿಯಲ್ಲಿ ವೆಂಕಪ್ಪನಾಯಕ, ಮಗಳು ಚಿನ್ನಮ್ಮ. ತಿಮ್ಮಿ–ತಿಮ್ಮಪ್ಪ, ರಂಗಮ್ಮ–ರಂಗಪ್ಪ, ದೊಡ್ಡಬೀರ–ದೊಡ್ಡಣ್ಣ, ನೋಡಿದಿರಾ? ಹಗಲೆಲ್ಲ ಕೆಲಸ ಮಾಡಿ ರಾತ್ರಿ ಹನ್ನೊಂದಕ್ಕೆ ಪುಸ್ತಕ ಹಿಡಿದವರ ತಲೆಯಲ್ಲಿ ಇವು ಕಲಸಿಹೋಗದೆ ಏನಾಗುತ್ತೆ! ಇದಕ್ಕೂ ಏಕಾಗ್ರತೆಗೂ ಏನು ಸಂಬಂಧ?

ಆಮೇಲೆ ಬಾಣದ ಗುರುತು. ಯಾರಾದರೂ ಇನ್ನೊಂದು ಮನೆಯಿಂದ ಏನಾದರೂ ಬಯಸಿದರೆ ಒಂದು ಗೆರೆ ಎಳೆಯಿರಿ. ಗುತ್ತಿಗೆ ತಿಮ್ಮಿ ಬೇಕು, ಸಿಂಬಾವಿಯಿಂದ ಬೆಟ್ಟಳ್ಳಿಗೆ ಗೆರೆ. ತಿಮ್ಮಿಯನ್ನು ತಮ್ಮ ಆಳು ಬಚ್ಚನಿಗೆ ಕಟ್ಟಬೇಕು ಅಂತ ಬೆಟ್ಟಳ್ಳಿ ಗೌಡರ ಹಟ, ಆ ಗೆರೆಗೆ ಅಡ್ಡ ಇನ್ನೊಂದು. ಮುಕುಂದಯ್ಯನಿಗೆ ಚಿನ್ನಮ್ಮ, ಕೋಣೂರಿನಿಂದ ಹೂವಳ್ಳಿಗೆ. ಹೆಂಡತಿ ಇದ್ದೂ ಇನ್ನೊಂದು ಮದುವೆಗೆ ಹೊರಟ ಭರಮೈ ಹೆಗ್ಗಡೆಯ ಕಣ್ಣೂ ಅದೇ ಚಿನ್ನಮ್ಮನ ಮೇಲೆ, ಸಿಂಬಾವಿಯಿಂದ ಹೂವಳ್ಳಿಗೆ. ಈಗ ಹಾಳೆಯನ್ನು ಸ್ವಲ್ಪ ದೂರ ಹಿಡಿದು ನೋಡಿ. ಕೇರಿಯ ಹುಡುಗಿಗೂ ನಾಯಕರ ಮನೆಯ ಹುಡುಗಿಗೂ ಒಂದೇ ಗಂಟು: ಬೇಡದ ಗಂಡು, ಬೇಕಾದವನು, ಕಾಡಿನಲ್ಲಿ ಓಡಿಹೋಗೋ ದಾರಿ. ಸಂಬಂಧವಿಲ್ಲದ ತುಣುಕುಗಳು ಅಂತ ಬೈದುಕೊಂಡಿದ್ದೆಲ್ಲ ಒಂದೇ ಹೆಣಿಗೆ ಅನ್ನೋದು ಅಲ್ಲಿ ಕಾಣುತ್ತೆ. ಅದು ಕಂಡವರು ಪುಸ್ತಕ ಬಿಡೋದು ಅಪರೂಪ.

"ಪಟ್ಟಿ ಮಾಡಿಕೊಂಡು ಓದೋದಕ್ಕೆ ಇದೇನು ಪಿಯುಸಿ ಪರೀಕ್ಷೆಯಾ?" ಅಂತ ಕೇಳೋರು ಇದ್ದೇ ಇರ್ತಾರೆ. ರಷ್ಯನ್ ಕಾದಂಬರಿಗಳ ಎಷ್ಟೋ ಅನುವಾದಗಳಲ್ಲಿ ಮೊದಲ ಪುಟದಲ್ಲೇ ಪಾತ್ರಗಳ ಪಟ್ಟಿ ಅಚ್ಚುಹಾಕಿರ್ತಾರೆ, ಅದನ್ನು ನೋಡಿ ರಸಭಂಗ ಆಯ್ತು ಅಂತ ಯಾರೂ ಅತ್ತಿದ್ದು ಕೇಳಿಲ್ಲ. ಕನ್ನಡದ್ದಕ್ಕೆ ಮಾತ್ರ, ನಮ್ಮದೇ ಭಾಷೆ ಅಂದಮೇಲೆ ಒರಗಿಕೊಂಡು ಓದಿದರೂ ಅರ್ಥವಾಗಿಬಿಡಬೇಕು ಅನ್ನೋ ಗತ್ತು. ನಿಮ್ಮ ಗತ್ತು ನಿಮ್ಮ ಹತ್ತಿರವೇ ಇರಲಿ.

ಇನ್ನು 'ದಿನಕ್ಕೆ ಹತ್ತು ಪುಟ' ಅನ್ನೋ ಉಪದೇಶ. ಯಾರು ಕಂಡುಹಿಡಿದರೋ! ತೆಳು ಪುಸ್ತಕಕ್ಕೆ ಅದು ನಡೆಯುತ್ತೆ. ಇಂಥದ್ದಕ್ಕೆ ಮೊದಲ ನೂರು ಪುಟವನ್ನೇ ಕೊಲ್ಲುತ್ತೆ. ಹತ್ತು ಪುಟ ಅಂದರೆ ಜಗಲಿಯ ಮಾತುಕತೆಯ ನಡುವೆ ಎದ್ದುಹೋದ ಹಾಗೆ, ಮರುದಿನ ಯಾರು ಏನು ಹೇಳ್ತಿದ್ದರು ಅಂತ ಹಿಂದಿನ ನಾಲ್ಕು ಪುಟ ತಿರುವಬೇಕು. ಮೊದಲ ನೂರು ಪುಟಕ್ಕೆ ಒಂದು ಶನಿವಾರ, ಭಾನುವಾರ ಮೀಸಲಿಡಿ. ದಿನಕ್ಕೆ ಎರಡು ಸಲ ಓದೋಕೆ ಕೂರಿ, ಒಂದೊಂದು ಸಲವೂ ಒಂದು ಗಂಟೆಗೆ ಕಡಿಮೆ ಬೇಡ. ಮನೆಗಳು ತಲೆಯಲ್ಲಿ ಊರಿದ ಮೇಲೆ ವಾರದ ದಿನ ಅರ್ಧ ಗಂಟೆ ಸಾಕು, ಆದರೆ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ. ಅಳತೆ ಪುಟದ್ದಲ್ಲ, ಅಧ್ಯಾಯದ್ದು. ಅಧ್ಯಾಯ ಮುಗಿದ ಕೂಡಲೇ ಮುಚ್ಚಬೇಡಿ, ಮುಂದಿನದರ ಮೊದಲ ಪುಟ ಓದಿ, ಯಾವ ಮನೆ, ಯಾವ ಹೊತ್ತು ಅಂತ ಹಾಳೆಯ ಮೂಲೆಯಲ್ಲಿ ಎರಡು ಪದ ಗೀಚಿ: 'ಹೂವಳ್ಳಿ, ಬೈಗು.' ಕಾದಂಬರಿ ಮನೆ ಬದಲಿಸುವಾಗ ಹೊತ್ತನ್ನೂ ಹಿಂದೆಮುಂದೆ ಮಾಡುತ್ತೆ, ಒಂದೇ ದಿನದ ಸಂಗತಿಯನ್ನು ಬೇರೆ ಬೇರೆ ಕಡೆಯಿಂದ ಹೇಳುತ್ತೆ. ಮುಂದೆ ಹೋಗ್ತಿದ್ದೇವೆ ಅಂದುಕೊಂಡವರಿಗೆ ಅಲ್ಲಿ ತಲೆ ತಿರುಗುತ್ತೆ. ಆ ಎರಡು ಪದ ಇದ್ದರೆ ಮರುದಿನ ಪುಸ್ತಕ ತೆರೆಯೋಕೆ ಅರ್ಧ ಅಳುಕು ಕಡಿಮೆ.

ಮಲೆನಾಡಿನ ಮಾತಿಗೆ ಹೆದರೋರಿಗೂ ಒಂದು ಮಾತು. ಗೊರಬು, ಹಳು, ಮುರುವಿನ ಒಲೆ, ಕಡಿಮಾಡು ಅಂತ ಬಂದಾಗಲೆಲ್ಲ ನಿಘಂಟು ತೆರೆದರೆ ಓದು ಕುಂಟುತ್ತೆ. ಅಡಿಗೆರೆ ಹಾಕಿ ದಾಟಿ. ಮಳೆಯಲ್ಲಿ ತಲೆ ಮೇಲೆ ಹಾಕಿಕೊಂಡು ಹೊರಟರು ಅಂದಮೇಲೆ ಗೊರಬು ಏನೆಂದು ಅದೇ ಹೇಳುತ್ತಲ್ಲ. ಮೂರನೇ ಸಲ ಬಂದರೂ ತಿಳಿಯದೇ ಹೋದರೆ ಆಗ ಹುಡುಕಿ. ಆಳುಗಳ ಮಾತು, ಐಗಳ ಮಾತು, ಆಳುಗಳನ್ನು ಕರೆತಂದು ಕೆಲಸ ಮಾಡಿಸೋ ಸೇರೆಗಾರರ ಮಾತು ಬೇರೆ ಬೇರೆ. ಕಣ್ಣಲ್ಲಿ ಓದಿದರೆ ಕಗ್ಗ, ಬಾಯಿಬಿಟ್ಟು ಒಂದು ಪುಟ ಓದಿದರೆ ಸಲೀಸು. ಕಾಡಿನ ವರ್ಣನೆ ಹಾರಿಸೋರು ದಾರಿಯನ್ನೇ ಹಾರಿಸ್ತಾರೆ, ಯಾವ ಮನೆಗೆ ಯಾವ ಗುಡ್ಡ ಹತ್ತಿ ಹೋಗಬೇಕು ಅನ್ನೋದು ಅಲ್ಲೇ ಇರೋದು. ಹಾರಿಸಲೇಬೇಕು ಅಂದರೆ ಪಾದ್ರಿಯ ಧರ್ಮಪ್ರಸಂಗದ ಪುಟಗಳನ್ನು ಬೇಗ ದಾಟಿ, ನಿಜ ಹೇಳಬೇಕೆಂದರೆ ಅವು ನನಗೂ ಭಾರವೇ.

"ರಾತ್ರಿಯಿಡೀ ನಡೆಯೋ ನಾಟಕ ನೋಡಿದೀವಲ್ಲ, ಸಾಕು" ಅನ್ನೋರ ಹತ್ತಿರ ನಾನು ವಾದ ಮಾಡಲ್ಲ. ಸಿ. ಬಸವಲಿಂಗಯ್ಯನವರ ಆ ಪ್ರಯೋಗ ದೊಡ್ಡದು. ಆದರೆ ಅಲ್ಲಿ ಮುಖ, ದನಿ, ಬಟ್ಟೆ ನೋಡಿ ಯಾರು ಯಾರೆಂದು ಗೊತ್ತಾಗಿಬಿಡುತ್ತೆ. ಅದನ್ನು ಓದಿಗೆ ಮುಂಚೆ ನೋಡಿ, ಹಾಳೆಯ ಕೆಲಸ ಅರ್ಧ ಕಡಿಮೆಯಾಗುತ್ತೆ.

ಈಗಾಗಲೇ ಬಿಟ್ಟು ಕೂತವರು ದಯವಿಟ್ಟು ಮತ್ತೆ ಮೊದಲ ಪುಟದಿಂದ ಶುರುಮಾಡಬೇಡಿ. ಮೊದಲ ಎಂಬತ್ತು ಪುಟವನ್ನು ನಾಲ್ಕು ಸಲ ಓದಿ ಐದನೇ ಸಲಕ್ಕೆ ಪುಸ್ತಕ ಮಾರಿದವರೇ ಆ ಅಂಚುಗಳನ್ನು ಕಂದು ಮಾಡಿದ್ದು. ವಾರದ ಬಿಡುವಾಗಿದ್ದರೆ ಕೊನೆಗೆ ಓದಿದ ಅಧ್ಯಾಯದ ಕಡೇ ಐದು ಪುಟ, ಜೊತೆಗೆ ಹಾಳೆ. ತಿಂಗಳು ಮೀರಿದ್ದರೆ ಪ್ರತಿ ಅಧ್ಯಾಯದ ಮೊದಲ ಎರಡು ಪ್ಯಾರಾ ಮಾತ್ರ ಓದುತ್ತಾ, ಹಾಳೆ ತುಂಬುತ್ತಾ ಬಿಟ್ಟ ಜಾಗಕ್ಕೆ ಬನ್ನಿ, ಒಂದು ಗಂಟೆಯೊಳಗೆ ಮುಗಿಯುತ್ತೆ.

ಅಷ್ಟಾದ ಮೇಲೂ ಬಿಡಬೇಕು ಅನಿಸಿದರೆ ಬಿಡಿ, ಆದರೆ ನೂರೈವತ್ತನೇ ಪುಟದಲ್ಲಿ ಒಂದು ಪರೀಕ್ಷೆ ಮಾಡಿ ಬಿಡಿ. ಪುಸ್ತಕ ಮುಚ್ಚಿ, ಹಾಳೆ ತಿರುವಿಹಾಕಿ, ಚಿನ್ನಮ್ಮ ಯಾರ ಮಗಳು, ಯಾರು ಅವಳನ್ನು ಬಯಸ್ತಿದ್ದಾರೆ, ಗುತ್ತಿ ಈಗ ಎಲ್ಲಿದ್ದಾನೆ ಅಂತ ನಿಮಗೆ ನೀವೇ ಹೇಳಿಕೊಳ್ಳಿ. ಹೇಳೋಕೆ ಬಂದೂ 'ಆಗಲಿ ಬಿಡು, ನನಗೇನು' ಅನಿಸಿದರೆ ಪುಸ್ತಕ ನಿಮಗೆ ಒಗ್ಗಲಿಲ್ಲ, ಅದರಲ್ಲಿ ನಾಚಿಕೆ ಪಡೋದೇನಿಲ್ಲ, ಬೇರೆಯವರಿಗೆ ಕೊಟ್ಟುಬಿಡಿ. ಹೇಳೋಕೇ ಬರಲಿಲ್ಲವಾದರೆ ನೀವಿನ್ನೂ ಪುಸ್ತಕವನ್ನು ಬಿಟ್ಟಿಲ್ಲ, ಮೇಗರವಳ್ಳಿಯ ಹತ್ತಿರ ಎಲ್ಲೋ ದಾರಿ ತಪ್ಪಿದ್ದೀರಿ. ಹಾಳೆ ತೆಗೆದು ಮನೆಗಳನ್ನು ಇನ್ನೊಂದು ಸಲ ಬರೆಯಿರಿ.