ರೂಮ್ ಬಾಡಿಗೆ ಹೆಚ್ಚಾದದ್ದು ಮೂರು ಸಾವಿರ, ಕೈಯಿಂದ ಹೋದದ್ದು ಅರವತ್ತೇಳು ಸಾವಿರ

ಇವತ್ತು ಮಧ್ಯಾಹ್ನ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಮುಂದೆ ಕೇಳಿದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಹೆಂಡತಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಮಾಡಿಸಿ ಡಿಸ್ಚಾರ್ಜಿಗೆ ಕಾಯುತ್ತಿದ್ದವರೊಬ್ಬರು, "ಐದು ಲಕ್ಷದ ಪಾಲಿಸಿ ಇದೆ, ಬಿಲ್ಲು ಎರಡು ಲಕ್ಷ ಚಿಲ್ಲರೆ. ನಾನ್ಯಾಕೆ ದುಡ್ಡು ಕಟ್ಟಬೇಕು?" ಅಂತ ಕೇಳುತ್ತಲೇ ಇದ್ದರು. ಕೌಂಟರಿನಲ್ಲಿದ್ದ ಹುಡುಗಿ "ಇನ್ಶೂರೆನ್ಸ್‌ನವರು ಕಟ್ ಮಾಡಿದ್ದಾರೆ ಸರ್" ಅಂದಳೇ ಹೊರತು ಯಾಕೆ ಅಂತ ಬಿಡಿಸಿ ಹೇಳಲಿಲ್ಲ. ಪಾಲಿಸಿ ಮಾರಿದವರೂ ಅವರಿಗೆ ಯಾವತ್ತೂ ಹೇಳಿರಲಿಕ್ಕಿಲ್ಲ. ನನಗೆ ಸಿಟ್ಟು ಬಂದಿರುವುದು ಅದಕ್ಕೇ.

ನಾವು ಪಾಲಿಸಿ ಕೊಳ್ಳುವಾಗ ಎರಡೇ ಪ್ರಶ್ನೆ ಕೇಳುತ್ತೇವೆ: ಎಷ್ಟು ಲಕ್ಷ, ಪ್ರೀಮಿಯಂ ಎಷ್ಟು. ಮೂರನೆಯದು ದಿನಕ್ಕೆ ರೂಮ್ ಬಾಡಿಗೆ ಎಷ್ಟರವರೆಗೆ ಅನ್ನುವುದು. ಅದನ್ನು ಯಾರೂ ಕೇಳುವುದಿಲ್ಲ.

ಹಳೆಯ ಪಾಲಿಸಿಗಳಲ್ಲೂ ಕಡಿಮೆ ಪ್ರೀಮಿಯಂನ ಹೊಸ ಪಾಲಿಸಿಗಳಲ್ಲೂ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ರೂಮ್ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 1, ಐಸಿಯುಗೆ ಶೇ. 2. ಐದು ಲಕ್ಷಕ್ಕೆ ಅದು ದಿನಕ್ಕೆ 5,000 ರೂಪಾಯಿ. ಎಷ್ಟೋ ಪಾಲಿಸಿಗಳಲ್ಲಿ ಈ ಮಿತಿಯೊಳಗೇ ಊಟ ಮತ್ತು ನರ್ಸಿಂಗ್ ಶುಲ್ಕವೂ ಸೇರಿರುತ್ತದೆ. 4,500ರ ರೂಮು ಮಿತಿಯೊಳಗಿದೆ ಅಂದುಕೊಂಡಿರುತ್ತೀರಿ. ನರ್ಸಿಂಗ್ ಸಾವಿರ ಸೇರಿದ ತಕ್ಷಣ ಮಿತಿ ದಾಟಿರುತ್ತದೆ.

ದಾಟಿದರೆ ಏನಾಗುತ್ತದೆ? "ಹೆಚ್ಚಾದಷ್ಟು ನಾನು ಕೊಡ್ತೀನಿ, ಬಿಡಿ" ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲಿಯೇ ಲೆಕ್ಕ ತಪ್ಪುವುದು. ಅಂಕಿಗಳನ್ನು ಸರಳ ಮಾಡಿ ಒಂದು ಬಿಲ್ಲು ಬಿಡಿಸಿ ನೋಡೋಣ.

ಮಿತಿ 5,000, ತೆಗೆದುಕೊಂಡ ರೂಮು 8,000, ನಾಲ್ಕು ದಿನ ಅಂದರೆ 32,000. ಸರ್ಜನ್, ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರ್, ಡಾಕ್ಟರ್ ವಿಸಿಟ್ ಎಲ್ಲ ಸೇರಿ 1,20,000. ಔಷಧಿ 30,000. ರಕ್ತಪರೀಕ್ಷೆ, ಸ್ಕ್ಯಾನಿಂಗ್ 18,000. ಗ್ಲೌಸ್, ಮಾಸ್ಕ್ ಮುಂತಾದ, ಪಾಲಿಸಿ ಕೊಡದ ಸಾಮಾನು 10,000. ಒಟ್ಟು 2,10,000.

ರೂಮಿಗೆ ಕಂಪನಿ ಕೊಡುವುದು 20,000. ಅಲ್ಲಿಗೆ ನಿಮ್ಮ ಪಾಲು 12,000. ಆದರೆ ಎಂಟು ಸಾವಿರದ ರೂಮಿನಲ್ಲಿ ನಿಮಗೆ ಅರ್ಹತೆ ಇದ್ದದ್ದು ಐದು ಸಾವಿರಕ್ಕೆ ಮಾತ್ರ, ಅಂದರೆ ಎಂಟರಲ್ಲಿ ಐದು ಪಾಲು. ಅದೇ ಅನುಪಾತವನ್ನು ಡಾಕ್ಟರು, ಥಿಯೇಟರಿನ ಖರ್ಚಿಗೂ ಹಾಕುತ್ತಾರೆ. 1,20,000ದಲ್ಲಿ ಸಿಗುವುದು 75,000, ಉಳಿದ 45,000 ನಿಮ್ಮದು. ಗ್ಲೌಸು ಇತ್ಯಾದಿಯ 10,000 ಹೇಗೂ ನಿಮ್ಮದೇ. ಔಷಧಿ, ಪರೀಕ್ಷೆ ಪೂರ್ತಿ ಸಿಗುತ್ತದೆ. ಕಂಪನಿ ಕೊಟ್ಟದ್ದು 1,43,000, ನೀವು ಕಟ್ಟಿದ್ದು 67,000. ಹನ್ನೆರಡು ಸಾವಿರಕ್ಕೆ ಸಿದ್ಧವಾಗಿ ಬಂದವರ ಗತಿ ಏನು?

ಕಂಪನಿಗಳ ಸಮರ್ಥನೆ ಗೊತ್ತಿದೆ. ದುಬಾರಿ ರೂಮು ತೆಗೆದುಕೊಂಡರೆ ಆಸ್ಪತ್ರೆ ಅದೇ ಆಪರೇಷನ್ನಿಗೂ ಹೆಚ್ಚು ದರ ಹಾಕುತ್ತದೆ, ಆ ಹೆಚ್ಚಳವನ್ನು ನಾವ್ಯಾಕೆ ಹೊರಬೇಕು ಅನ್ನುತ್ತಾರೆ. ದರ ರೂಮಿನ ಜೊತೆ ಏರುವುದು ನಿಜ. ಆದರೆ ಅಷ್ಟು ನ್ಯಾಯವಾದ ನಿಯಮವನ್ನು ಮಾರುವ ದಿನ ಒಂದು ವಾಕ್ಯದಲ್ಲಿ ಹೇಳಲು ಏನು ಕಷ್ಟ? ಪಾಲಿಸಿ ಪತ್ರದಲ್ಲಿ ಬರೆದಿದೆ ಅನ್ನುವುದು ನನಗೆ ಸಾಲದು. ಬಿಲ್ಲಿನ ದಿನ ಗೊತ್ತಾಗುವ ಷರತ್ತನ್ನು ತಿಳಿಸಿದ್ದೇವೆ ಅನ್ನಲು ಬರುವುದಿಲ್ಲ.

ಇದನ್ನು ಕೇಳಿದವರು ಕೂಡಲೇ "ಹಾಗಾದ್ರೆ ಈ ಸಲ ಹತ್ತು ಲಕ್ಷ ಮಾಡಿಸ್ಬಿಡ್ತೀನಿ, ರೂಮಿನ ಮಿತಿ ಹತ್ತು ಸಾವಿರ ಆಗುತ್ತಲ್ಲ" ಅನ್ನುತ್ತಾರೆ. ಮಾಡಿಸಿ. ಆದರೆ ಯಾವಾಗಿನಿಂದ ಅನ್ನುವುದು ಗೊತ್ತಿರಲಿ. ಪಿತ್ತಕೋಶದ ಕಲ್ಲು, ಹರ್ನಿಯಾ, ಮೂಲವ್ಯಾಧಿ, ಕಣ್ಣಿನ ಪೊರೆ, ಮಂಡಿ ಬದಲಾವಣೆ ಇಂಥವುಗಳ ಒಂದು ಪಟ್ಟಿ ಪಾಲಿಸಿಯಲ್ಲಿ ಇರುತ್ತದೆ. ಅವಕ್ಕೆ ಸಾಮಾನ್ಯವಾಗಿ ಎರಡು ವರ್ಷದ ವೇಟಿಂಗ್ ಪೀರಿಯಡ್, ಅಷ್ಟರೊಳಗೆ ಕ್ಲೇಮು ಸಿಗುವುದಿಲ್ಲ. ಪಾಲಿಸಿ ತೆಗೆದುಕೊಂಡ ಮೇಲೆ ಹೊಸದಾಗಿ ಬಂದ ಕಲ್ಲಾದರೂ ಕಾಯಲೇಬೇಕು. ಅಪಘಾತಕ್ಕೆ ಮಾತ್ರ ವಿನಾಯಿತಿ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿಗೆ ಪಾಲಿಸಿಯಲ್ಲಿ ಬರೆದಷ್ಟು ಅವಧಿ. 2024ರಿಂದ ಅದು ಮೂರು ವರ್ಷ ಮೀರುವಂತಿಲ್ಲ.

ಮೊತ್ತ ಹೆಚ್ಚಿಸಿದಾಗ ಈ ಕಾಯುವಿಕೆ ಹೆಚ್ಚಿಸಿದ ಭಾಗಕ್ಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹತ್ತು ವರ್ಷದಿಂದ ಐದು ಲಕ್ಷದ ಪಾಲಿಸಿ ನಡೆಸಿದವರು ಕಳೆದ ವರ್ಷ ಹತ್ತು ಲಕ್ಷ ಮಾಡಿಸಿ ಈ ವರ್ಷ ಪಿತ್ತಕೋಶದ ಆಪರೇಷನ್ನಿಗೆ ಹೋದರೆ, ಕ್ಲೇಮನ್ನು ಸಾಮಾನ್ಯವಾಗಿ ಹಳೆಯ ಐದು ಲಕ್ಷದ ಮೇಲೆಯೇ ನೋಡುತ್ತಾರೆ. ರೂಮಿನ ಮಿತಿಯೂ ಹಳೆಯದೇ, ಐದು ಸಾವಿರ. ಹತ್ತು ಸಾವಿರದ ರೂಮು ಸಿಗುತ್ತದೆ ಅಂತ ನಂಬಿ ಸೇರಿದರೆ ಆಪರೇಷನ್ ಖರ್ಚಿನಲ್ಲಿ ಅರ್ಧ ಹೋಯಿತು. ಕಾರ್ಡಿನಲ್ಲಿ ಮಾತ್ರ 10 ಲಕ್ಷ ಅಂತಲೇ ಇರುತ್ತದೆ.

ಇದಕ್ಕಿಂತ ನೇರ ದಾರಿ ಎಂದರೆ ರೂಮ್ ಬಾಡಿಗೆಗೆ ಮಿತಿಯೇ ಇಲ್ಲದ ಪಾಲಿಸಿ, ಇಲ್ಲವೇ "ಸಿಂಗಲ್ ಪ್ರೈವೇಟ್ ಎಸಿ ರೂಮ್" ಅಂತ ದರ್ಜೆಯನ್ನೇ ಬರೆದಿರುವ ಪಾಲಿಸಿ. ಪ್ರೀಮಿಯಂ ಹೆಚ್ಚಿರಬಹುದು. ಬೇರೆ ಕಂಪನಿಗೆ ಪೋರ್ಟ್ ಮಾಡುವುದಾದರೆ ರಿನ್ಯೂವಲ್ ದಿನಾಂಕಕ್ಕೆ ಕನಿಷ್ಠ 45 ದಿನ ಮೊದಲೇ ಅರ್ಜಿ ಹಾಕಿ. ಅಲ್ಲಿಯವರೆಗೆ ಕಾದ ವರ್ಷಗಳು ಹಳೆಯ ಮೊತ್ತದಷ್ಟಕ್ಕೆ ಲೆಕ್ಕಕ್ಕೆ ಬರುತ್ತವೆ. ಹೊಸ ಅರ್ಜಿಯಲ್ಲಿ ಬಿಪಿ, ಶುಗರ್ ಮುಚ್ಚಿಡಬೇಡಿ. ಏಜೆಂಟು "ಇಲ್ಲ ಅಂತ ಹಾಕ್ತೀನಿ" ಅಂದರೆ ಆ ಫಾರಮ್ಮಿಗೆ ಸಹಿ ಹಾಕಬೇಡಿ. ಕ್ಲೇಮು ತಿರಸ್ಕರಿಸಲು ಕಂಪನಿಗೆ ಅದೊಂದೇ ಸಾಕಾಗುತ್ತದೆ.

ಇವೆಲ್ಲ ಎಲ್ಲಿ ಸಿಗುತ್ತವೆ ಅಂತ ಐವತ್ತು ಪುಟ ತಿರುವಬೇಕಿಲ್ಲ. ಪಾಲಿಸಿಯ ಜೊತೆ "ಕಸ್ಟಮರ್ ಇನ್ಫರ್ಮೇಷನ್ ಶೀಟ್" ಅಂತ ಕೆಲವೇ ಪುಟದ ಹಾಳೆ ಕೊಡಬೇಕು. ಕೇಳಿದರೆ ಕನ್ನಡದಲ್ಲೂ ಕೊಡಬೇಕು. ಕೇಳಿ. ಅದರಲ್ಲಿ ರೂಮ್ ಬಾಡಿಗೆಯಂಥ ಉಪಮಿತಿಗಳು, ವೇಟಿಂಗ್ ಪೀರಿಯಡ್, ಹೊರಗಿಟ್ಟ ಕಾಯಿಲೆಗಳು ಬೇರೆ ಬೇರೆ ಸಾಲಿನಲ್ಲಿರುತ್ತವೆ. ಹೊಸ ಪಾಲಿಸಿಯಾದರೆ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ಹಿಂತಿರುಗಿಸಬಹುದು. ಸಣ್ಣಪುಟ್ಟ ಖರ್ಚು ಕಳೆದು ದುಡ್ಡು ವಾಪಸು ಬರುತ್ತದೆ. ಈ ಅವಕಾಶ ರಿನ್ಯೂವಲ್‌ಗೆ ಇಲ್ಲ, ಆದ್ದರಿಂದ ರಿನ್ಯೂ ಮಾಡುವವರು ದುಡ್ಡು ಕಟ್ಟುವ ಮೊದಲೇ ಓದಬೇಕು.

ಆಸ್ಪತ್ರೆಗೆ ಸೇರುವ ದಿನ ಇನ್ಶೂರೆನ್ಸ್ ಡೆಸ್ಕಿನಲ್ಲಿ "ಈ ರೂಮಿಗೆ ಕ್ಯಾಶ್‌ಲೆಸ್ ಸಿಗುತ್ತಾ?" ಅಂತ ಕೇಳಬೇಡಿ, ಸಿಗುತ್ತೆ ಅಂತಲೇ ಹೇಳುತ್ತಾರೆ. "ನನ್ನ ಪಾಲಿಸಿಯ ಮಿತಿ ದಿನಕ್ಕೆ ಇಷ್ಟು, ನರ್ಸಿಂಗ್ ಸೇರಿಸಿ ಇದರೊಳಗೆ ಬರುವ ರೂಮು ಯಾವುದು?" ಅಂತ ಕೇಳಿ. ಜನರಲ್ ವಾರ್ಡೋ ಶೇರಿಂಗ್ ರೂಮೋ ಆದರೂ ಡಾಕ್ಟರು ಅವರೇ, ಥಿಯೇಟರೂ ಅದೇ.

ಇವತ್ತು ಕೌಂಟರಿನಲ್ಲಿ ನಿಂತಿದ್ದವರ ಹಾಗೆ ಈಗಾಗಲೇ ದುಡ್ಡು ಕಳೆದುಕೊಂಡವರು ಕಡಿತದ ವಿವರ ಪತ್ರ ತರಿಸಿಕೊಳ್ಳಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ 2020ರ ನಿಯಮದಂತೆ ಔಷಧಿ, ಪರೀಕ್ಷೆ, ಇಂಪ್ಲಾಂಟ್‌ಗಳ ಮೇಲೆ ಈ ಅನುಪಾತ ಹಾಕುವಂತಿಲ್ಲ, ಐಸಿಯು ಶುಲ್ಕದ ಮೇಲೂ ಇಲ್ಲ. ಯಾವ ರೂಮಾದರೂ ಆಪರೇಷನ್ ದರ ಒಂದೇ ಇರುವ ಆಸ್ಪತ್ರೆಯಲ್ಲಿ ಈ ಕಡಿತವನ್ನೇ ಮಾಡುವಂತಿಲ್ಲ. ದರ ಒಂದೇ ಅಂತ ಆಸ್ಪತ್ರೆಯಿಂದ ಬರೆಸಿಕೊಂಡು ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಹಾಕಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿಯ ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಹಾಕಬೇಕು, ಅದಕ್ಕೇ ಆ ಪತ್ರ, ಬಿಲ್ಲು, ಕಡಿತದ ಹಾಳೆ ಮೂರನ್ನೂ ಒಟ್ಟಿಗೆ ಎತ್ತಿಡಿ.