ಬಡ್ಡಿ, ಅಸಲು ಮತ್ತು ಮೂರು ಪಾವ್

"ಕಂಪನಿಯವರು ಮೊದಲ ದಿನವೇ ಬಡ್ಡಿ ಕೊಟ್ಟರಮ್ಮ" ಎಂದು ಫೋನಿನಲ್ಲಿ ಹೇಳಿದಾಗ ಶಿವಮೊಗ್ಗದ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ, ಆಯುಷ್ಯವಿಡೀ ಅಂಚೆ ಕಚೇರಿಯ ಉಳಿತಾಯ ಪುಸ್ತಕವನ್ನು ಸೀರೆಗಳ ನಡುವೆ ಕಾಪಾಡಿಕೊಂಡು ಬಂದ ನನ್ನ ತಾಯಿ ಕೇಳಿದಳು: "ಶೇಕಡಾ ಎಷ್ಟು?"

ಬಡ್ಡಿ ಎಂದರೆ ಹೊಸದಾಗಿ ಸೇರಿದವರ ಕೈ ಹಿಡಿದು ನಡೆಸಲು ಕಂಪನಿ ಗೊತ್ತುಮಾಡುವ ಹಳಬ ಎಂದು ವಿವರಿಸಿದೆ. "ನಲವತ್ತೆರಡು ವರ್ಷದವಳಿಗೆ ಯಾರು ಕೈ ಹಿಡಿಯಬೇಕು?" ಎಂದಳು. ಪ್ರಶ್ನೆ ನ್ಯಾಯವಾದದ್ದೇ. ಹದಿನಾರು ವರ್ಷ ಬೇರೆಯವರ ತಂತ್ರಾಂಶದಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆದವಳು ನಾನು. ಯಜಮಾನರಿಗೆ ಪುಣೆಗೆ ವರ್ಗವಾಯಿತೆಂದು ನಾನೂ ಹಿಂಜವಡಿಯ ಒಂದು ಕಂಪನಿಗೆ ಸೇರಿದ್ದೆ. ಗೇಟಿನ ಕಾವಲುಗಾರ ಅಂದು ಬೆಳಿಗ್ಗೆಯೇ "ಯಾ ತಾಯಿ" ಎಂದು ಸ್ವಾಗತಿಸಿದ್ದ. ಅವನಿಗೂ ನನ್ನಷ್ಟೇ ವಯಸ್ಸು, ನೊಂದುಕೊಂಡೆ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ ಎಂದು ತಿಳಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಬಡ್ಡಿಯ ವ್ಯವಸ್ಥೆಗೆ ಒಂದು ಲೆಕ್ಕಾಚಾರವಿದೆ. ಅವನು ನಿಮ್ಮ ಮೇಲಧಿಕಾರಿ ಆಗಿರಕೂಡದು. ಶೌಚಾಲಯ ಎಲ್ಲಿದೆ, ಸಭೆಯಲ್ಲಿ ಎಲ್ಲರೂ ನಕ್ಕಿದ್ದೇಕೆ ಎಂಬಂಥ ಪೆದ್ದು ಪ್ರಶ್ನೆಗಳನ್ನು ಸಂಬಳ ನಿರ್ಧರಿಸುವವನ ಹತ್ತಿರ ಯಾರೂ ಕೇಳುವುದಿಲ್ಲ. ಆದ್ದರಿಂದ ಪಕ್ಕದ ತಂಡದಲ್ಲಿ ಕನಿಷ್ಠ ಒಂದು ವರ್ಷ ಕಳೆದವರನ್ನು ಆರಿಸಿ, ದಿನಕ್ಕೆ ಅರ್ಧ ಗಂಟೆ ಅವರ ಕೆಲಸದಿಂದ ಬಿಡಿಸಿ ಕೊಡುತ್ತಾರೆ. ನಮ್ಮಲ್ಲಿ ಇನ್ನೊಂದು ಹೊಣೆಯೂ ಇತ್ತು: ಹೊಸಬರಿಗೆ ಯಾವುದೇ ಪ್ರವೇಶಾನುಮತಿ ಬೇಕಾದರೂ ಮೊದಲ ವಾರ ಬಡ್ಡಿಯೇ ಒಪ್ಪಿಗೆ ಒತ್ತಬೇಕು. ಈ ಕೊನೆಯ ಸಾಲನ್ನು ನೆನಪಿಡಿ. ನಾನು ನೆನಪಿಡಲಿಲ್ಲ.

ಸ್ವಾಗತದ ದಿನ ಹನ್ನೆರಡು ಮಂದಿ ಹೊಸಬರು, ಹನ್ನೆರಡು ಬಡ್ಡಿಗಳು. ರದ್ದು ಮಾಡಿದ ಚೆಕ್ಕು, ಭವಿಷ್ಯನಿಧಿಯ ಅರ್ಜಿ, ಹಳೆಯ ಕಂಪನಿಯ ಬಿಡುಗಡೆ ಪತ್ರ ಇವನ್ನೆಲ್ಲ ಒಪ್ಪಿಸಿದ ಮೇಲೆ ಮಾನವ ಸಂಪನ್ಮೂಲದ ಹುಡುಗಿ ಎಲ್ಲರಿಗೂ ಒಂದೊಂದು ಚೀಟಿ ಹಂಚಿದಳು. ಜೋಡಿಯ ಹೆಸರು ಮೊದಲೇ ಹೇಳಿದರೆ ಸ್ವಾರಸ್ಯವಿಲ್ಲವಂತೆ. ಚೀಟಿಯಲ್ಲಿ ಒಂದು ತಿಂಡಿಯ ಅರ್ಧ ಹೆಸರಿರುತ್ತದೆ, ಉಳಿದರ್ಧ ಇರುವವರನ್ನು ಸಭಾಂಗಣದಲ್ಲಿ ಹುಡುಕಿಕೊಳ್ಳಬೇಕು. ಪೋಹೆಗೆ ಚಹಾ, ಪೂರಿಗೆ ಶ್ರೀಖಂಡ. ನನ್ನ ಚೀಟಿಯಲ್ಲಿ "ಪಾವ್" ಎಂದಿತ್ತು.

ಪುಣೆಯಲ್ಲಿ ಪಾವ್ ಒಬ್ಬರ ಸ್ವತ್ತಲ್ಲ. ವಡಾ ಹಿಡಿದವನೊಬ್ಬ, ಮಿಸಳ ಹಿಡಿದವಳೊಬ್ಬಳು, ಭಾಜಿ ಹಿಡಿದವನೊಬ್ಬ, ಮೂವರೂ ಪಾವನ್ನೇ ಹುಡುಕುತ್ತಿದ್ದರು. ಅತ್ತ ಪಾವುಗಳೂ ಮೂರು, ಮೂರರ ಮೇಲೂ ಬರೀ "ಪಾವ್". ವೃತ್ತಿಯಿಂದ ತಪ್ಪು ಹುಡುಕುವವಳು ಅಲ್ಲೇ ಕೈ ಎತ್ತಬೇಕಿತ್ತು. ಆದರೆ ವಡಾದ ಹುಡುಗ ಎದುರಿಗೆ ಬಂದು, ನನ್ನ ಕೊರಳಿನ ಪಟ್ಟಿಯಲ್ಲಿ ಊರಿನ ಹೆಸರು ಓದಿ, "ಅಕ್ಕಾರ, ಕನ್ನಡ ಬರುತ್ತದೆಯೇ?" ಎಂದುಬಿಟ್ಟ. ಸೊಲ್ಲಾಪುರದವನು, ಮನೆಮಾತು ಕನ್ನಡ. ಪರಸ್ಥಳದಲ್ಲಿ ಕನ್ನಡ ಕಿವಿಗೆ ಬಿದ್ದ ಮೇಲೆ ಯಾರು ಚೀಟಿ ಪರಿಶೀಲಿಸುತ್ತಾರೆ? ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು.

ಮಂಗಳವಾರ ಕಡ್ಡಾಯ ವೀಡಿಯೊಗಳ ದಿನ. ಮುಂದಕ್ಕೆ ಓಡಿಸಲು ಬಾರದ, ಓಡಿಸಲು ಹೋದರೆ ಮೊದಲಿಗೇ ಮರಳುವ ಜಾತಿಯವು. ಮಾಹಿತಿ ಸುರಕ್ಷತೆಯ ವೀಡಿಯೊದಲ್ಲಿ ಒಬ್ಬ ಗಡ್ಡದವನು ಪದೇ ಪದೇ ಎಚ್ಚರಿಸಿದ: ಗುರುತಿಲ್ಲದವರ ಕೋರಿಕೆಗೆ ಎಂದೂ ಒಪ್ಪಿಗೆ ಕೊಡಬೇಡಿ. ನಾನು ತಲೆಯಾಡಿಸಿದೆ. ನನ್ನ ಕೇಡಿಗೇ ತಲೆಯಾಡಿಸುತ್ತಿದ್ದೇನೆ ಎಂದು ಗೊತ್ತಿರಲಿಲ್ಲ.

ಬುಧವಾರ ಮೊದಲ ಕೆಲಸ ಸಿಕ್ಕಿತು. ಸಹಾಯ ಪುಟವೊಂದರಲ್ಲಿ `recieved` ಎಂದಿದ್ದುದನ್ನು `received` ಎಂದು ತಿದ್ದುವುದು. ಕುಹಕವಲ್ಲ, ಹೊಸಬರಿಗೆ ಬೇಕೆಂದೇ ಇಂಥ ಕೆಲಸ ಎತ್ತಿಡುತ್ತಾರೆ. ತಿದ್ದುಪಡಿ ಚಿಕ್ಕದಾದಷ್ಟೂ ದಾರಿ ಚೆನ್ನಾಗಿ ಕಾಣುತ್ತದೆ: ಲ್ಯಾಪ್‌ಟಾಪು, ಪಾಸ್‌ವರ್ಡು, ಸಂಕೇತ ಭಂಡಾರದ ಪ್ರವೇಶ, ಪರಿಶೀಲಕರ ಒಪ್ಪಿಗೆ, ಪರೀಕ್ಷಾ ಸರ್ವರ್ ಇಷ್ಟನ್ನೂ ಆ ಎರಡು ಅಕ್ಷರ ದಾಟಿ ಹೋದರೆ ಹೊಸಬರಿಗೆ ಎಲ್ಲವೂ ಜೋಡಣೆಯಾಗಿದೆ ಎಂದರ್ಥ. ಎಲ್ಲಿ ನಿಂತಿತೋ ಅಲ್ಲಿ ದೋಷವಿದೆ.

ನನ್ನದು ಹೊಸ್ತಿಲಲ್ಲೇ ನಿಂತಿತು. ತಿದ್ದಿ ಕಳಿಸಿದರೆ ಪರದೆಯ ಮೇಲೆ `403 Forbidden`. ಭಂಡಾರದ ಪ್ರವೇಶಕ್ಕೆ ಕೋರಿಕೆ ಹಾಕಿದೆ. `Pending with: Buddy` ಎಂದು ತೋರಿಸಿತು, ಹೆಸರು ತೋರಿಸಲಿಲ್ಲ. ನನ್ನ ಬಡ್ಡಿಯನ್ನು ಕೇಳಿದೆ. ಅವನು ತನ್ನ ಪಟ್ಟಿ ತೆರೆದು ತೋರಿಸಿದ, ಖಾಲಿ. "ಇನ್ನೂ ಬಂದಿಲ್ಲ ಅಕ್ಕಾರ, ನಮ್ಮ ಸರ್ವರ್ ಸ್ವಲ್ಪ ನಿಧಾನ" ಎಂದು ಅಮೃತತುಲ್ಯ ಚಹಾ ಕುಡಿಸಲು ಕರೆದೊಯ್ದ. ಗುರುವಾರವೂ ಬರಲಿಲ್ಲ, ಎರಡು ಸಲ ಚಹಾ ಆಯಿತು. ಹೊಸಬರಿಗೆ ಮೊದಲ ವಾರ ಹಗುರವಾಗಿರಬೇಕು ಎಂಬುದು ಕಂಪನಿಯ ನೀತಿ. ಆದ್ದರಿಂದ ನಾನು ಸುಮ್ಮನೆ ಕುಳಿತಿರುವುದನ್ನು ಕಂಡವರೆಲ್ಲ ನೀತಿ ಚೆನ್ನಾಗಿ ಜಾರಿಯಾಗುತ್ತಿದೆ ಎಂದುಕೊಂಡರು.

ಕೋರಿಕೆ ನಲವತ್ತೆಂಟು ಗಂಟೆ ಕೊಳೆತರೆ ಯಂತ್ರ ತಾನೇ ಒಂದು ಜ್ಞಾಪನಾ ಪತ್ರ ಕಳಿಸುತ್ತದೆ. ಶುಕ್ರವಾರ ಬಂದ ಆ ಪತ್ರದಲ್ಲಿ ಒಪ್ಪಿಗೆ ಕೊಡಬೇಕಾದವರ ಹೆಸರಿತ್ತು. ನಾನು ಕಂಡು ಕೇಳದ ಹೆಸರು. ವಿಚಾರಿಸುತ್ತ ಹೋದರೆ ಮೂರನೇ ಮಹಡಿಯಲ್ಲಿ ಕುಳಿತಿದ್ದಾಳೆ, ಮಿಸಳದ ಹೆಣ್ಣುಮಗಳು!

"ನಿಮ್ಮ ಕೋರಿಕೆ ಬುಧವಾರವೇ ನೋಡಿದೆ" ಎಂದಳು. "ಆದರೆ ನನ್ನ ಹೊಸಬ ಇಲ್ಲೇ ಪಕ್ಕದಲ್ಲಿದ್ದಾನೆ. ನೀವು ಯಾರೆಂದು ನನಗೆ ಗೊತ್ತಿಲ್ಲ. ಗುರುತಿಲ್ಲದವರ ಕೋರಿಕೆಗೆ..."

"ಒಪ್ಪಿಗೆ ಕೊಡಬಾರದು" ಎಂದು ವಾಕ್ಯ ಮುಗಿಸಿದೆ. ಗಡ್ಡದವನನ್ನು ಅವಳೂ ನೋಡಿದ್ದಳು.

ಪಕ್ಕದಲ್ಲಿದ್ದವನಿಗೂ ಅನುಮತಿ ಬಂದಿರಲಿಲ್ಲ. ಅವನು ಭಾಜಿಗೆ ಸೇರಬೇಕಾದ ಪಾವ್. ಭಾಜಿಯ ಬಳಿ ಇದ್ದವನು ವಡಾದ ಪಾವ್. ಯಂತ್ರಕ್ಕೆ ಜೋಡಿಗಳನ್ನು ಹಿಂದಿನ ಶುಕ್ರವಾರವೇ ಉಣಿಸಿದ್ದರು, ಆಟ ನಡೆದದ್ದು ಸೋಮವಾರ. ಆಟದ ಫಲಿತಾಂಶವನ್ನು ಪಟ್ಟಿಗೆ ಯಾರೂ ತಾಳೆ ನೋಡಿರಲಿಲ್ಲ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಮೂರು ಪಾವ್ ಮೂರು ಕಡೆ ಸೇರಲು ಆರು ದಾರಿಗಳಿವೆ. ಒಂದರಲ್ಲಿ ಎಲ್ಲವೂ ಸರಿ, ಮೂರರಲ್ಲಿ ಒಂದು ಜೋಡಿ ಮಾತ್ರ ಸರಿ, ಉಳಿದ ಎರಡರಲ್ಲಿ ಒಂದೂ ಸರಿಯಿಲ್ಲ. ಮೂರರಲ್ಲಿ ಒಂದು ಪಾಲು ಸಂಭವವಿದ್ದ ಪೂರ್ಣ ಅನಾಹುತ ನಮ್ಮ ಪಾಲಿಗೆ ಬಂದಿತ್ತು.

ಮಿಸಳ ನನ್ನ ಗುರುತಿನ ಚೀಟಿ ನೋಡಿ ಒಪ್ಪಿಗೆ ಒತ್ತಿದಳು. `i` ಮತ್ತು `e` ಸ್ಥಾನ ಬದಲಿಸಿಕೊಂಡವು, ಹತ್ತೇ ನಿಮಿಷದಲ್ಲಿ. ಆಮೇಲೆ ಮೂರು ಜೋಡಿಗಳೂ ಕ್ಯಾಂಟೀನಿನಲ್ಲಿ ಸೇರಿ ಅದಲುಬದಲಾದೆವು. ಚಹಾಕ್ಕೆ ಮಾತ್ರ ಹಳೆಯ ವ್ಯವಸ್ಥೆಯೇ ಇರಲಿ ಎಂದು ಸೊಲ್ಲಾಪುರದ ತಮ್ಮ ಹಟ ಹಿಡಿದ.

ರಾತ್ರಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ: ನನ್ನ ಬಡ್ಡಿ ಅವನ ಹತ್ತಿರ, ಅವನ ಬಡ್ಡಿ ಇನ್ನೊಬ್ಬನ ಹತ್ತಿರ, ಅವನದು ನನ್ನ ಹತ್ತಿರ, ಹೀಗೆ ಸುತ್ತುತ್ತಿತ್ತು ಎಂದು.

"ಹಾಗಾದರೆ ಚಕ್ರಬಡ್ಡಿ ಎನ್ನು" ಎಂದಳು.