ಹತ್ತು ಕತ್ತಿ, ವರ್ಲ್ಡ್ ಕಾರ್ಡ್: ಒಂದು ಸ್ಪಷ್ಟನೆ

"ಟ್ಯಾರೋ ಕಾರ್ಡ್ ಹಾಕಿದಾಗ ಟೆನ್ ಆಫ್ ಸ್ವೋರ್ಡ್ಸ್ ಜೊತೆ ವರ್ಲ್ಡ್ ಬಂದ್ರೆ ಹಳೇ ಸಂಬಂಧ ಮುಗೀತು, ಹೊಸಬ್ರು ಬರೋದು ಗ್ಯಾರಂಟಿ ಅಂತಾರಲ್ರೀ, ಖರೇನಾ?" – ಸಿಂಧನೂರಿನಿಂದ

ಮೊದಲರ್ಧ ಸರಿ, ಎರಡನೆಯದು ಅವಸರದ ಓದು. ವರ್ಲ್ಡ್ 21 ಅಂಕೆಯ ಕಾರ್ಡ್, ಮುಖ್ಯ ಕಾರ್ಡ್‌ಗಳಾದ ಮೇಜರ್ ಸಾಲಿನ ಕೊನೆಯದು. ಅದು ಹೇಳುವುದು ಸುತ್ತು ಪೂರ್ತಿಯಾಯಿತು ಎಂದಷ್ಟೇ. ಹೊಸ ಸುತ್ತಿನ ಕಾರ್ಡ್ 0, ಅಂದರೆ ಫೂಲ್; ಹೊಸ ಪ್ರೀತಿಗಾದರೆ ಏಸ್ ಆಫ್ ಕಪ್ಸ್. ಇವೆರಡೂ ಬೀಳದಿದ್ದರೆ 'ಹೊಸಬರು' ಎಂಬುದು ಓದುವವರ ಸೇರ್ಪಡೆ.

ಇನ್ನು ಕ್ರಮ ನೋಡಬೇಕು. ಮೂರು ಕಾರ್ಡ್ ಹಾಸಿದಾಗ ಹಿಂದಿನ ಜಾಗದಲ್ಲಿ ಹತ್ತು ಕತ್ತಿ, ಮುಂದಿನ ಜಾಗದಲ್ಲಿ ವರ್ಲ್ಡ್ ಇದ್ದರೆ ಪೆಟ್ಟು ಬಿದ್ದಾಗಿದೆ, ಲೆಕ್ಕ ಚುಕ್ತಾ ಆಗುವುದು ಬಾಕಿ. ನಿಶ್ಚಿತಾರ್ಥ ಮುರಿದವರಿಗೆ ಹೀಗೆ ಬಂದರೆ ಉಂಗುರ, ಸೀರೆ ಮರಳಿಸಿ ಮಾತು ಮುಗಿಸುವುದು ಎಂದು ಓದಬಹುದು. ಅದಲುಬದಲಾದರೆ ಅರ್ಥ ಬೇರೆ: ಪೂರ್ತಿಯಾಯಿತು ಅಂದುಕೊಂಡದ್ದು ಮುಂದೆ ನೋವಿನಲ್ಲಿ ಕೊನೆಯಾಗುವ ಸೂಚನೆ.

1909ರ ರೈಡರ್ ಟ್ಯಾರೋ ಕಟ್ಟಿನ ಹತ್ತು ಕತ್ತಿಯ ಚಿತ್ರದಲ್ಲಿ ಬೋರಲು ಬಿದ್ದವನ ಆಚೆ, ಕಪ್ಪು ಆಕಾಶದ ಕೆಳಗೆ ಹಳದಿ ಬೆಳಕಿದೆ. ಹೊಸಬರ ಮಾತು ಹುಟ್ಟುವುದು ಬಹುಶಃ ಇಲ್ಲಿಂದಲೇ. ಆದರೆ ಕತ್ತಿ ವಿಚಾರದ, ಮಾತಿನ ಗುಂಪು. ಆ ಬೆಳಕು ಸಂಕಟ ತಳಮುಟ್ಟಿತು ಎನ್ನುತ್ತದೆ, ವರ ಬಂದ ಎನ್ನುವುದಿಲ್ಲ.